ರಾಯಚೂರಿನ ವಸತಿ ಶಾಲೆಗೆ ಎಷ್ಟು ಮೀಟರ್ ಬೋರ್ ಬೇಕು? ಗ್ರೌಂಡ್ ಸೋರ್ಸ್ ಹೀಟ್ ಪಂಪ್‌ಗೆ ಲೆಕ್ಕ ಹಾಕುವ ರೀತಿ

ನಮ್ಮ ಕಡೆ ಬೋರ್ ಅಂದರೆ ನೀರು. ಎಷ್ಟು ಫೀಟಿಗೆ ನೀರು ಬಿತ್ತು ಅಂತಲೇ ಮೊದಲು ಕೇಳುತ್ತಾರೆ. ಗ್ರೌಂಡ್ ಸೋರ್ಸ್ ಹೀಟ್ ಪಂಪ್‌ಗೆ ಹಾಕಿಸುವ ಬೋರ್‌ನಿಂದ ಒಂದು ಹನಿ ನೀರನ್ನೂ ಎತ್ತುವುದಿಲ್ಲ. ಒಳಗೆ ಯು ಆಕಾರದ ಎಚ್‌ಡಿಪಿಇ ಪೈಪ್ ಇಳಿಸಿ ಸುತ್ತ ಮುಚ್ಚಿಬಿಡುತ್ತಾರೆ. ಪೈಪಿನೊಳಗೆ ಅದೇ ನೀರು ಸುತ್ತುತ್ತಿರುತ್ತದೆ. ತರಗತಿಯ ಸೆಕೆಯನ್ನು ಎಸಿ ಮೆಷಿನ್ ಆ ನೀರಿಗೆ ಹಾಕುತ್ತದೆ, ನೀರು ಅದನ್ನು ಬಂಡೆಗೆ ಬಿಡುತ್ತದೆ. ಬಿಸಿನೀರು ಬೇಕಾದಾಗ ಇದೇ ಉಲ್ಟಾ ನಡೆಯುತ್ತದೆ.

ಚಳಿ ದೇಶಗಳಲ್ಲಿ ಚಳಿಗಾಲದಲ್ಲಿ ನೆಲದಿಂದ ತೆಗೆದ ಶಾಖವನ್ನು ಬೇಸಿಗೆಯಲ್ಲಿ ವಾಪಸ್ ಕೊಡುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ರೂಮು ಬಿಸಿ ಮಾಡುವ ಮಾತೇ ಇಲ್ಲ. ನೆಲಕ್ಕೆ ವರ್ಷವಿಡೀ ಕೊಡುವುದೇ ಜಾಸ್ತಿ, ತೆಗೆಯುವುದು ಬರೀ ಹಾಸ್ಟೆಲ್ ಸ್ನಾನದ ನೀರಿಗೆ. ಈ ಅಸಮತೋಲನ ಬೋರ್‌ನ ಉದ್ದವನ್ನು ಹೇಗೆ ಬೆಳೆಸುತ್ತದೆ, ಅದನ್ನು ಹೇಗೆ ಇಳಿಸಬಹುದು ಅನ್ನುವುದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ಲಿಂಗಸುಗೂರು ಕಡೆಯ ಒಂದು ವಸತಿ ಶಾಲೆ ಅಂತ ಇಟ್ಟುಕೊಳ್ಳಿ. 200 ಮಕ್ಕಳು. ತರಗತಿ, ಲ್ಯಾಬ್ ಎಲ್ಲಾ ಸೇರಿ ಅತಿ ಹೆಚ್ಚಿನ ಕೂಲಿಂಗ್ ಲೋಡ್ 60 ಕಿಲೋವ್ಯಾಟ್, ಅಂದರೆ ಸುಮಾರು 17 ಟನ್.

ಮೊದಲ ಹೆಜ್ಜೆ: ಶಾಲೆಯ ಕ್ಯಾಲೆಂಡರ್ ಎದುರಿಗಿಟ್ಟುಕೊಳ್ಳಿ

ಮೊದಲ ಸಲ ಶಾಲೆಯ ಲೆಕ್ಕ ಮಾಡಿದಾಗ ನಾನು ಅತಿ ಬಿಸಿಯ ತಿಂಗಳು ಅಂತ ಮೇ ತಿಂಗಳನ್ನು ಹಿಡಿದಿದ್ದೆ. ಹೆಡ್‌ಮಾಸ್ತರರು ಹಾಳೆ ನೋಡಿ, "ಸರ್, ಮೇದಾಗ ಸಾಲಿ ಎಲ್ಲಿರ್ತದ್ರೀ?" ಅಂದರು. ಅವರ ಮಾತು ಸರಿಯಾಗಿತ್ತು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಬಿಸಿಲು ಅತಿ ಜಾಸ್ತಿ ಇರುವ ಏಳು ವಾರ ಕಟ್ಟಡ ಖಾಲಿ. ಅವತ್ತಿನಿಂದ ಹವಾಮಾನದ ಪಟ್ಟಿಗಿಂತ ಮೊದಲು ಶಾಲೆಯ ಕ್ಯಾಲೆಂಡರ್ ಕೇಳುತ್ತೇನೆ. ನಮ್ಮ ಶಾಲೆಗಳಿಗೆ ಭಾರದ ತಿಂಗಳು ಮಾರ್ಚ್, ಅದರ ಹಿಂದೆಯೇ ಜೂನ್.

ಇನ್ನು ಮೂರು ಅಂಕಿ ಬೇಕು. ಮೂರೂ ರೂಮಿನ ಲೋಡ್ ಅಲ್ಲ, ನೆಲಕ್ಕೆ ಹೋಗುವ ಶಾಖ. ಮೆಷಿನ್ 60 ಕಿಲೋವ್ಯಾಟ್ ತಂಪು ಕೊಡಲು ತಾನೂ 15 ಕಿಲೋವ್ಯಾಟ್ ಕರೆಂಟ್ ತಿನ್ನುತ್ತದೆ ಅಂದುಕೊಳ್ಳಿ (ಸಿಒಪಿ 4). ಆ ಕರೆಂಟೂ ಕೊನೆಗೆ ಶಾಖವಾಗಿ ನೆಲಕ್ಕೇ ಇಳಿಯುತ್ತದೆ. ಹಾಗಾಗಿ ಬಂಡೆಯ ಮೇಲೆ ಬೀಳುವುದು 75 ಕಿಲೋವ್ಯಾಟ್. ಇದನ್ನು ಮರೆತು 60 ಅಂತಲೇ ಹಾಕಿದರೆ ಉದ್ದ ಐದರಲ್ಲಿ ಒಂದು ಪಾಲು ಕಡಿಮೆ ಬಂದುಬಿಡುತ್ತದೆ.

ಎರಡನೆಯದು ಮಾರ್ಚ್ ತಿಂಗಳ ಸರಾಸರಿ. 24 ಶಾಲಾ ದಿನ, ದಿನಕ್ಕೆ 6 ಗಂಟೆ ಪೂರ್ತಿ ಲೋಡ್ ಅಂದರೆ 144 ಗಂಟೆ. 75 ಕಿಲೋವ್ಯಾಟ್‌ಗೆ ಗುಣಿಸಿದರೆ 10,800 ಯೂನಿಟ್ ಶಾಖ. ಅದನ್ನು ತಿಂಗಳ 744 ಗಂಟೆಗೆ ಹಂಚಿದರೆ 14.5 ಕಿಲೋವ್ಯಾಟ್.

ಮೂರನೆಯದು ವರ್ಷದ ನಿವ್ವಳ. ಅಸಮತೋಲನ ಕಾಣುವುದು ಇಲ್ಲೇ. ವರ್ಷಕ್ಕೆ 800 ಗಂಟೆ ಪೂರ್ತಿ ಲೋಡ್ ಎಂದರೆ ನೆಲಕ್ಕೆ 60,000 ಯೂನಿಟ್ ಹೋಗುತ್ತದೆ. ಇನ್ನು ಬಿಸಿನೀರು. 200 ಮಕ್ಕಳಿಗೆ ತಲಾ 20 ಲೀಟರ್, 27 ಡಿಗ್ರಿಯಿಂದ 42ಕ್ಕೆ ಏರಿಸಲು ದಿನಕ್ಕೆ ಸುಮಾರು 70 ಯೂನಿಟ್ ಶಾಖ ಬೇಕು. 150 ದಿನಕ್ಕೆ 10,500. ಇದರಲ್ಲಿ ಕಾಲು ಭಾಗ ಕರೆಂಟಿನಿಂದ ಬರುತ್ತದೆ, ಮುಕ್ಕಾಲು ಭಾಗ, ಅಂದರೆ ಸುಮಾರು 7,850 ಯೂನಿಟ್, ನೆಲದಿಂದ. ಕಳೆದರೆ ವರ್ಷಕ್ಕೆ 52,150 ಯೂನಿಟ್ ನೆಲದಲ್ಲೇ ಉಳಿಯುತ್ತದೆ. 8,760 ಗಂಟೆಗೆ ಹಂಚಿದರೆ 5.95 ಕಿಲೋವ್ಯಾಟ್.

ಬಿಸಿನೀರು ಕೊಟ್ಟರೆ ಲೆಕ್ಕ ಸರಿದೂಗುತ್ತದೆ ಅಂತ ಹಲವರು ಹೇಳುತ್ತಾರೆ. ಇಲ್ಲಿ ಅದು ಕೊಟ್ಟ ಶಾಖದ ಎಂಟನೇ ಒಂದು ಭಾಗವನ್ನಷ್ಟೇ ವಾಪಸ್ ತೆಗೆಯಿತು. ಕಟ್ಟಿಗೆ ಒಲೆ, ಗೀಸರ್ ಖರ್ಚು ಉಳಿಸಲು ಅದು ಒಳ್ಳೆಯದೇ. ಆದರೆ ಅದೊಂದನ್ನೇ ನಂಬಿ ಬೋರ್ ಕಡಿಮೆ ಮಾಡಬೇಡಿ.

ಎರಡನೇ ಹೆಜ್ಜೆ: ನೆಲದ ಬಿಸಿ, ಕಲ್ಲಿನ ಗುಣ

ಶಾಲೆಯ ಹತ್ತಿರ ಬತ್ತಿಹೋದ ಅಥವಾ ಬಳಸದ ಬೋರ್ ಒಂದಾದರೂ ಇದ್ದೇ ಇರುತ್ತದೆ. ಉದ್ದ ವೈರಿನ ಸೆನ್ಸರ್‌ಗೆ ನಟ್ ಒಂದನ್ನು ಭಾರ ಕಟ್ಟಿ ಇಳಿಸಿ. 5 ಮೀಟರ್‌ಗೊಮ್ಮೆ ನಿಲ್ಲಿಸಿ, ಅಂಕಿ ಅಲುಗಾಡುವುದು ನಿಂತ ಮೇಲೆ ಬರೆದುಕೊಳ್ಳಿ. ಮೇಲಿನ ಹತ್ತು ಮೀಟರ್‌ನಲ್ಲಿ ಅಂಕಿ ಋತುವಿನ ಜತೆ ಓಡಾಡುತ್ತದೆ. ಅದರ ಕೆಳಗೆ ಸುಮ್ನೆ ಒಂದೇ ಕಡೆ ನಿಂತುಬಿಡುತ್ತದೆ. ಆ ನಿಂತ ಅಂಕಿಯೇ ನಮಗೆ ಬೇಕಾದ್ದು. ನಮ್ಮ ಉದಾಹರಣೆಗೆ 29 ಡಿಗ್ರಿ ಹಿಡಿಯೋಣ. ಹೊರದೇಶದ ಪುಸ್ತಕಗಳಲ್ಲಿ 10, 15 ಡಿಗ್ರಿ ನೆಲ ಇರುತ್ತದೆ. ಅಲ್ಲಿನ ಮೀಟರ್ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದಿರಲು ಮೊದಲ ಕಾರಣ ಇದು.

ಕಲ್ಲಿನ ವಿಷಯದಲ್ಲಿ ಈ ಭಾಗಕ್ಕೆ ಅದೃಷ್ಟವಿದೆ. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಆಮೇಲೆ ಗ್ರಾನೈಟ್ ಅಥವಾ ನೈಸ್ ಬಂಡೆ. ಬೋರ್ ಲಾರಿಯ ಪಕ್ಕ ನಿಂತು ಹೊರಗೆ ಹಾರುವ ಪುಡಿ ನೋಡಿ. ಕೆಂಪು-ಹಳದಿ ಪುಡಿ ಹೋಗಿ ಬೂದು-ಬಿಳಿ ಹಿಟ್ಟಿನಂಥ ಪುಡಿ ಬರತೊಡಗಿದರೆ ಗಟ್ಟಿ ಬಂಡೆ ಸಿಕ್ಕಿದೆ ಎಂದು. ಅದು ಎಷ್ಟನೇ ಫೀಟಿಗೆ ಬಂತು ಅಂತ ಬರೆದಿಡಿ. ಕೇಸಿಂಗ್ ಪೈಪ್ ಎಷ್ಟು ಬೇಕು ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ. ಗಟ್ಟಿ ಗ್ರಾನೈಟ್ ಶಾಖವನ್ನು ಮಣ್ಣಿಗಿಂತ ಎಷ್ಟೋ ಚೆನ್ನಾಗಿ ಸಾಗಿಸುತ್ತದೆ. ಅದರ ಶಾಖವಾಹಕತೆ ಸಾಮಾನ್ಯವಾಗಿ ಮೀಟರ್-ಡಿಗ್ರಿಗೆ 2.5ರಿಂದ 3.5 ವ್ಯಾಟ್.

ಆದರೂ 20 ಬೋರ್ ಹಾಕುವ ಮುಂಚೆ ಒಂದು ಬೋರ್ ಹಾಕಿಸಿ ಪರೀಕ್ಷೆ ಮಾಡಲೇಬೇಕು. 100 ಮೀಟರ್ ಬೋರ್‌ಗೆ ಪೈಪ್ ಇಳಿಸಿ, ಗ್ರೌಟ್ ತುಂಬಿ, ಕನಿಷ್ಠ ಐದು ದಿನ ಹಾಗೇ ಬಿಡಿ. ಆಮೇಲೆ 6 ಕಿಲೋವ್ಯಾಟ್ ಹೀಟರ್ ಹಾಕಿ 48 ಗಂಟೆ ನೀರು ಸುತ್ತಿಸಿ, ಹೋಗುವ ಮತ್ತು ಬರುವ ನೀರಿನ ಸರಾಸರಿ ತಾಪ ದಾಖಲಿಸಿ. ಮೀಟರ್‌ಗೆ 60 ವ್ಯಾಟ್ ಆಯಿತು. 12ನೇ ಗಂಟೆಯಿಂದ 48ನೇ ಗಂಟೆಗೆ ತಾಪ 2.36 ಡಿಗ್ರಿ ಏರಿತು ಅಂದುಕೊಳ್ಳಿ. 48ನ್ನು 12ರಿಂದ ಭಾಗಿಸಿದರೆ 4, ಅದರ ನ್ಯಾಚುರಲ್ ಲಾಗರಿದಮ್ 1.386. 2.36ನ್ನು ಇದರಿಂದ ಭಾಗಿಸಿದರೆ ಇಳಿಜಾರು 1.70. ಕಲ್ಲಿನ ಶಾಖವಾಹಕತೆ `k` ಅದರಿಂದ ಬರುತ್ತದೆ.

```
k = 60 / (4 * 3.1416 * 1.70) = 2.8
```

ಈ ಪರೀಕ್ಷೆಯನ್ನು ನಮ್ಮಲ್ಲಿ ಹಾಳು ಮಾಡುವುದು ಕರೆಂಟ್. ನಡುವೆ ಅರ್ಧ ಗಂಟೆ ಹೋದರೂ ಗೆರೆ ಮುರಿಯುತ್ತದೆ. ವೋಲ್ಟೇಜ್ ಇಳಿದರೆ ಹೀಟರ್ 6ರ ಬದಲು 5 ಕಿಲೋವ್ಯಾಟ್ ಕೊಡುತ್ತದೆ. ಆಗ ತಾಪ ನಿಧಾನ ಏರುತ್ತದೆ, ಕಲ್ಲು ತುಂಬಾ ಒಳ್ಳೆಯದು ಅನ್ನುವ ಸುಳ್ಳು ಉತ್ತರ ಬರುತ್ತದೆ. ಜನರೇಟರ್ ಇಟ್ಟುಕೊಂಡೇ ಶುರು ಮಾಡಿ, ತಾಪದ ಜತೆ ವ್ಯಾಟನ್ನೂ ದಾಖಲಿಸಿ. ಕರೆಂಟ್ ಹೋಗಿದ್ದರೆ ಕೂಡಲೇ ಮತ್ತೆ ಹಚ್ಚಬೇಡಿ. ನೆಲ ಮೊದಲಿನ ತಾಪಕ್ಕೆ ಇಳಿಯುವವರೆಗೆ ಕೆಲವು ದಿನ ಕಾಯಬೇಕು.

ಮೂರನೇ ಹೆಜ್ಜೆ: ಮೂರು ಹೊಡೆತಗಳ ಲೆಕ್ಕ

ಮೂರು ಅಂಕಿಗಳನ್ನು ಮೂರು ಹೊಡೆತ ಅಂತ ನೋಡಿ. ಹತ್ತು ವರ್ಷ ಸಣ್ಣಗೆ ನಡೆಯುವ ಹೊಡೆತ, ಅದರ ಮೇಲೆ ಮಾರ್ಚ್ ತಿಂಗಳದ್ದು, ಅದರ ಮೇಲೆ ಪೂರ್ತಿ ಲೋಡ್ ಇರುವ ಆರು ತಾಸಿನದು. ಹತ್ತನೇ ವರ್ಷದ ಮಾರ್ಚ್ ಕೊನೆಯ ಮಧ್ಯಾಹ್ನವೂ ನೀರು ಮಿತಿ ದಾಟಬಾರದು. ಪ್ರತಿ ಹೊಡೆತಕ್ಕೂ ನೆಲದ ಒಂದು ತಡೆ ಇದೆ. ಒಂದು ಮೀಟರ್ ಬೋರ್‌ಗೆ ಒಂದು ವ್ಯಾಟ್ ಕೊಟ್ಟರೆ ಎಷ್ಟು ಡಿಗ್ರಿ ಏರುತ್ತದೆ ಅನ್ನುವುದೇ ಆ ತಡೆ. ಕೆಳಗಿನ ನಾಲ್ಕೈದು ಸಾಲಿನಲ್ಲಿ ಅದು ಸಿಗುತ್ತದೆ. `k` ಕಲ್ಲಿನ ಶಾಖವಾಹಕತೆ, `a` ಶಾಖ ದಿನಕ್ಕೆ ಹರಡುವ ವೇಗ, `r` ಬೋರ್‌ನ ತ್ರಿಜ್ಯ. ನಮ್ಮ ಕಡೆಯ ಮಾಮೂಲಿ ಆರೂವರೆ ಇಂಚಿನ ಬೋರ್ ಹಿಡಿದಿದ್ದೇನೆ.

```
from math import log, pi
k, a, r = 2.8, 0.105, 0.0825
def S(t): return (log(4*a*t/r**2) - 0.577)/(4*pi*k)
R6  = S(0.25)              # 0.061
R1  = S(30.25) - S(0.25)   # 0.136
R10 = S(3680) - S(30.25)   # 0.136
```

ಇದರ ಜತೆ ಬೋರ್‌ನ ಒಳಗಿನ ತಡೆ `Rb`. 32 ಮಿಲಿಮೀಟರ್‌ನ ಒಂದು ಯು ಪೈಪ್, ಬೆಂಟೊನೈಟ್‌ಗೆ ಮರಳು ಬೆರೆಸಿದ ಗ್ರೌಟ್ ಇದ್ದರೆ 0.11 ಹಿಡಿಯಬಹುದು. ಮರಳಿಲ್ಲದ ಬರೀ ಬೆಂಟೊನೈಟ್ ತುಂಬಿದರೆ ಇದು ಏರುತ್ತದೆ. ಗ್ರೌಟನ್ನು ತಳದಿಂದ ಮೇಲಕ್ಕೆ ಪಂಪ್ ಮಾಡಬೇಕು. ಮೇಲಿನಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು, ಅಷ್ಟು ಉದ್ದದ ಬೋರ್ ವ್ಯರ್ಥವಾಗುತ್ತದೆ.

ಈಗ ಮೆಷಿನ್‌ಗೆ ಬರುವ ನೀರು 36, ಹೋಗುವ ನೀರು 41, ಸರಾಸರಿ 38.5 ಡಿಗ್ರಿ ಅಂತ ಮಿತಿ ಇಟ್ಟುಕೊಳ್ಳೋಣ. ನೆಲ 29. ಅಂದರೆ ಕೈಯಲ್ಲಿರುವುದು 9.5 ಡಿಗ್ರಿ ಮಾತ್ರ.

```
L = (qy*R10 + qm*R1 + qh*(R6 + Rb)) / (Tw - Tg - Tp)
```

`qy`, `qm`, `qh` ಅಂದರೆ ವರ್ಷದ, ತಿಂಗಳ, ಮಧ್ಯಾಹ್ನದ ಹೊಡೆತ, ವ್ಯಾಟ್‌ನಲ್ಲಿ. `Tw` ನೀರಿನ ಸರಾಸರಿ ಮಿತಿ, `Tg` ನೆಲದ ತಾಪ. ಮೇಲಿನ ಭಾಗ: 5,950ಕ್ಕೆ 0.136, ಅಂದರೆ 809. 14,500ಕ್ಕೆ 0.136, ಅಂದರೆ 1,972. 75,000ಕ್ಕೆ 0.171, ಅಂದರೆ 12,825. ಒಟ್ಟು 15,606. ಕೊನೆಯ `Tp` ಸೊನ್ನೆ ಅಂತ ಬಿಟ್ಟರೆ, 9.5ರಿಂದ ಭಾಗಿಸಿ 1,643 ಮೀಟರ್.

ಇಲ್ಲಿ ಒಂದು ಮೋಸ ಅಡಗಿದೆ. ವರ್ಷದ ಅಸಮತೋಲನದ ಪಾಲು ಮೇಲಿನ ಮೊತ್ತದಲ್ಲಿ ಬರೀ 5 ಶೇಕಡ. ಇದನ್ನು ನೋಡಿ ಅಸಮತೋಲನ ದೊಡ್ಡ ವಿಷಯವೇ ಅಲ್ಲ ಅನ್ನಿಸುತ್ತದೆ, ಅಲ್ವಾ? ಒಂದೇ ಬೋರ್ ಇದ್ದರೆ ಅದು ನಿಜ. ಆದರೆ ನಾವು ಸಾಲಾಗಿ ಇಪ್ಪತ್ತು ಬೋರ್ ಹಾಕುತ್ತಿದ್ದೇವೆ. ಒಂದರ ಶಾಖ ಪಕ್ಕದ್ದಕ್ಕೆ ತಾಗುತ್ತದೆ. ನಡುವಿನ ಬೋರ್‌ನ ಶಾಖಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಈ ಬೋರ್‌ಗಳ ಹೊಲದ ನಡುವಿನ ನೆಲ ವರ್ಷ ವರ್ಷ ಬಿಸಿಯಾಗುತ್ತ ಹೋಗುತ್ತದೆ. ಆ ಏರಿಕೆಯೇ `Tp`, ಅದು ಭಾಗಿಸುವ ಅಂಕಿಯನ್ನೇ ಕಡಿದುಹಾಕುತ್ತದೆ.

ಇದನ್ನು ಅಂದಾಜು ಮಾಡಲು ನಡುವಿನ ಒಂದು ಬೋರ್ ಆರಿಸಿ, ಉಳಿದ ಪ್ರತಿ ಬೋರ್‌ನಿಂದ ಅದಕ್ಕೆ ಹತ್ತು ವರ್ಷದಲ್ಲಿ ಎಷ್ಟು ಬಿಸಿ ಬರುತ್ತದೆ ಅಂತ ಕೂಡಿಸಬೇಕು. ಲೈನ್ ಸೋರ್ಸ್ ಸೂತ್ರದಿಂದ, 6 ಮೀಟರ್ ಅಂತರದಲ್ಲಿ 4 ಸಾಲು, ಸಾಲಿಗೆ 6 ಬೋರ್ ಇಟ್ಟು ನಾನು ಕೂಡಿಸಿದಾಗ ನಡುವಿನ ಬೋರ್‌ಗೆ 3.2 ಡಿಗ್ರಿ ಬಂತು. ಅಂಚಿನವುಗಳಿಗೆ ಅದಕ್ಕಿಂತ ಕಡಿಮೆ. ಇಡೀ ಹೊಲಕ್ಕೆ 3 ಡಿಗ್ರಿ ಹಿಡಿದರೆ ಸುರಕ್ಷಿತ. ಆಗ ಕೈಯಲ್ಲಿ ಉಳಿಯುವುದು 9.5 ಅಲ್ಲ, 6.5. ಉದ್ದ 2,400 ಮೀಟರ್. 100 ಮೀಟರ್‌ನ 24 ಬೋರ್.

ಅಸಮತೋಲನ ಹೀಗೆ ಹಿಂಬಾಗಿಲಿನಿಂದ ಬಂದು 750 ಮೀಟರ್‌ಗೂ ಜಾಸ್ತಿ ಸೇರಿಸಿತು. ಇದೇ ಹೊಲವನ್ನು ಬಿಸಿನೀರಿನ ದೃಷ್ಟಿಯಿಂದ ಲೆಕ್ಕ ಹಾಕಿದರೆ, ನೀರಿನ ಸರಾಸರಿ 15 ಡಿಗ್ರಿವರೆಗೆ ಇಳಿಯಬಹುದು ಅಂತಿಟ್ಟರೂ ಸಾಕಾಗುವುದು ಬರೀ 180 ಮೀಟರ್. ಎರಡೂ ಉದ್ದ ಲೆಕ್ಕ ಹಾಕಿ, ದೊಡ್ಡದನ್ನು ತೆಗೆದುಕೊಳ್ಳಬೇಕು. 180 ಎಲ್ಲಿ, 2,400 ಎಲ್ಲಿ! ಎರಡೂ ಇಷ್ಟು ದೂರ ಇವೆ ಅಂದರೆ, ಪೂರ್ತಿ ಭಾರವನ್ನು ನೆಲದ ಮೇಲೆ ಹೊರಿಸುವುದು ಬೇಡ ಅಂತಲೇ ನಾನು ಓದುತ್ತೇನೆ.

ನಾಲ್ಕನೇ ಹೆಜ್ಜೆ: ಉದ್ದ ಇಳಿಸುವುದು

ಮೈದಾನ ದೊಡ್ಡದಿದ್ದರೆ ಅಂತರ ಹೆಚ್ಚಿಸಿ. 6ರ ಬದಲು 8 ಮೀಟರ್ ಇಟ್ಟರೆ `Tp` ಸುಮಾರು 2.25ಕ್ಕೆ ಇಳಿಯುತ್ತದೆ, ಉದ್ದ 2,150 ಮೀಟರ್ ಆಸುಪಾಸಿಗೆ ಬರುತ್ತದೆ. 24 ಮೀಟರ್ ಅಗಲ, 40 ಮೀಟರ್ ಉದ್ದದ ಜಾಗ ಸಾಕು. ಬೋರ್‌ಗಳ ತಲೆ ಮಣ್ಣಿನ ಕೆಳಗಿರುವುದರಿಂದ ಮೇಲೆ ಮಕ್ಕಳು ಆರಾಮಾಗಿ ಖೋ ಖೋ ಆಡಬಹುದು.

ಇನ್ನೂ ದೊಡ್ಡ ಉಳಿತಾಯ ಇರುವುದು ಜತೆಗೊಂದು ಕೂಲಿಂಗ್ ಟವರ್ ಇಡುವುದರಲ್ಲಿ. ಲೂಪ್ ನೀರು ಪೈಪಿನೊಳಗೇ ಉಳಿದು, ಪೈಪಿನ ಮೇಲೆ ಬೇರೆ ನೀರು ಸಿಂಪಡಿಸುವ ಮುಚ್ಚಿದ ಬಗೆಯದೇ ಆಗಲಿ. ತೆರೆದ ಟವರ್‌ನ ಧೂಳು ಬೋರ್ ಪೈಪಿಗೆ ಹೋಗಬಾರದು. ನಮ್ಮ ಮಾರ್ಚ್ ಗಾಳಿ ಬಿಸಿ, ಆದರೆ ಒಣ. ಡೆಸರ್ಟ್ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುವುದು ಯಾಕೋ, ಟವರ್ ಕೆಲಸ ಮಾಡುವುದೂ ಅದಕ್ಕೇ. ಮಾರ್ಚ್ ಮಧ್ಯಾಹ್ನ 75ರಲ್ಲಿ 35 ಕಿಲೋವ್ಯಾಟ್ ಟವರ್ ತೆಗೆದುಕೊಳ್ಳಲಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ರಾತ್ರಿ ತಂಪಿದ್ದಾಗ ನೀರು ಸಿಂಪಡಿಸದೆ ಬರೀ ಫ್ಯಾನ್ ಹಾಕಿ, ಬಂಡೆಯಲ್ಲಿ ಕೂತ ಶಾಖವನ್ನು ಹೊರಗೆ ಬಿಡಲಿ. ಎರಡೂ ಸೇರಿ ವರ್ಷಕ್ಕೆ 32,000 ಯೂನಿಟ್ ಹೋದರೆ ನೆಲದಲ್ಲಿ ಉಳಿಯುವುದು 20,000, ಅಂದರೆ 2.3 ಕಿಲೋವ್ಯಾಟ್. ಮಾರ್ಚ್ ಸರಾಸರಿ 9 ಅಂತ ಹಿಡಿಯೋಣ, ಮಧ್ಯಾಹ್ನದ್ದು 40.

ಮೇಲಿನ ಮೊತ್ತ 8,377. ಸಣ್ಣ ಹೊಲಕ್ಕೆ `Tp` 1.3, ಕೈಯಲ್ಲಿ 8.2 ಡಿಗ್ರಿ. ಉದ್ದ 1,022 ಮೀಟರ್. 105 ಮೀಟರ್‌ನ 10 ಬೋರ್ ಸಾಕಾಯಿತು. 24ರಿಂದ 10ಕ್ಕೆ.

ಇದಕ್ಕೆ ಕೊಡುವ ಬೆಲೆ ನೀರು. 35 ಕಿಲೋವ್ಯಾಟ್‌ಗೆ ಗಂಟೆಗೆ ಸುಮಾರು 52 ಲೀಟರ್ ಆವಿಯಾಗುತ್ತದೆ. ಉಪ್ಪು ಕಟ್ಟದಂತೆ ಬಸಿದು ಬಿಡುವುದೂ ಸೇರಿದರೆ ದಿನಕ್ಕೆ 450 ಲೀಟರ್ ಇಟ್ಟುಕೊಳ್ಳಿ. ಬೋರ್ ನೀರು ಗಡಸಾಗಿದ್ದರೆ ಟವರ್ ಪೈಪಿನ ಮೇಲೆ ಬಿಳಿ ಪದರ ಬೇಗ ಕಟ್ಟುತ್ತದೆ. ಫೆಬ್ರುವರಿಯಲ್ಲೇ ಟ್ಯಾಂಕರ್ ತರಿಸುವ ಶಾಲೆಯಾದರೆ ನಾನು ಟವರ್ ಸಣ್ಣದು ಮಾಡಿ ಬೋರ್ ಹೆಚ್ಚಿಸಿ ಅನ್ನುತ್ತೇನೆ. ಕಾಲುವೆ ನೀರು ಬರುವ ಗಂಗಾವತಿ, ಸಿಂಧನೂರು ಕಡೆಯ ಶಾಲೆಗೆ ಟವರ್ ಧೈರ್ಯವಾಗಿ ಹೇಳುತ್ತೇನೆ.

ಟನ್‌ಗೆ 60 ಮೀಟರ್ ಅನ್ನುವ ಮಾತನ್ನೂ ನೀವು ಕೇಳಿರಬಹುದು. ಅದರ ಪ್ರಕಾರ 17 ಟನ್‌ಗೆ 1,020 ಮೀಟರ್. ಉದ್ದ ಟವರ್ ಇರುವ ಲೆಕ್ಕದಷ್ಟೇ ಆಯಿತು, ಆದರೆ ಟವರ್ ಇಲ್ಲ. ಅದೇ ಸೂತ್ರಕ್ಕೆ ಹಾಕಿ ನೋಡಿ: ಮೊದಲ ಮಾರ್ಚ್‌ನಲ್ಲೇ ಮೆಷಿನ್‌ಗೆ 41 ಡಿಗ್ರಿ ನೀರು ಬರುತ್ತದೆ, ಹತ್ತನೇ ವರ್ಷ 45ರ ಹತ್ತಿರ. ಮೆಷಿನ್ ಹೈ ಪ್ರೆಶರ್‌ಗೆ ಟ್ರಿಪ್ ಆಗತೊಡಗುತ್ತದೆ, ಅದೂ ಪರೀಕ್ಷೆಯ ದಿನಗಳಲ್ಲೇ. ಬೋರ್ ಲಾರಿ ಹೋದ ಮೇಲೆ ಇದಕ್ಕೆ ಮದ್ದಿಲ್ಲ. ಆಮೇಲೆ ಟವರ್ ಇಡುವುದೊಂದೇ ದಾರಿ. ಹಾಗಾಗಿ ಶುರುವಿನಲ್ಲೇ ಮೆಷಿನ್ ರೂಮಿನಲ್ಲಿ ಟವರ್‌ಗೆ ಎರಡು ವಾಲ್ವ್ ಬಿಟ್ಟಿಡಿ.

ಟೆಂಡರ್ ಮುಂಚೆ ಈ ಅಂಕಿಗಳನ್ನು `pygfunction` ಅಥವಾ `GHEtool` ಸಾಫ್ಟ್‌ವೇರ್‌ನಲ್ಲಿ ತಿಂಗಳುವಾರು ಲೋಡ್ ಹಾಕಿ ಒಮ್ಮೆ ಓಡಿಸಿ. ಕೈ ಲೆಕ್ಕಕ್ಕೂ ಅದಕ್ಕೂ 15 ಶೇಕಡದವರೆಗೆ ವ್ಯತ್ಯಾಸ ಬಂದರೆ ಗಾಬರಿ ಬೇಡ. ಎರಡು ಪಟ್ಟು ಬಂದರೆ, ಶಾಖ ಕೊಡುವುದು-ತೆಗೆಯುವುದರ ಚಿಹ್ನೆ ಎಲ್ಲೋ ಅದಲುಬದಲಾಗಿದೆಯಾ ನೋಡಿ.

ಕೊರೆಯುವ ದಿನಗಳಲ್ಲಿ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿ. ಯಾವ ಬೋರ್ ಕೊರೆದರೋ ಅವತ್ತೇ ಪೈಪ್ ಇಳಿಸಿ ಗ್ರೌಟ್ ಮಾಡಬೇಕು. ಆಗದಿದ್ದರೆ ಬಾಯಿಗೆ ಕಬ್ಬಿಣದ ಮುಚ್ಚಳ ಬೋಲ್ಟ್ ಹಾಕಿ ಬಿಗಿಯಬೇಕು. ಕಲ್ಲು, ಗೋಣಿಚೀಲ ಇಟ್ಟರೆ ಸಾಲದು. ಮಕ್ಕಳು ಓಡಾಡುವ ಜಾಗ ಅದು. ಈ ಕೆಲಸವನ್ನು ಬೇಸಿಗೆ ರಜೆಯಲ್ಲೇ ಮುಗಿಸಿ.

ಆಮೇಲೆ ಪ್ರತಿ ವರ್ಷ ಒಂದು ಬೆಳಿಗ್ಗೆ

ಬೇಸಿಗೆ ರಜೆ ನಮಗೆ ಒಂದು ಉಪಕಾರ ಮಾಡುತ್ತದೆ. ಏಳು ವಾರ ನೆಲಕ್ಕೆ ಪೂರ್ತಿ ವಿಶ್ರಾಂತಿ. ಶಾಲೆ ಶುರುವಾಗುವ ದಿನ ಬೆಳಿಗ್ಗೆ, ಮೆಷಿನ್ ಹಚ್ಚದೆ ಲೂಪ್ ಪಂಪ್ ಮಾತ್ರ ಅರ್ಧ ಗಂಟೆ ಓಡಿಸಿ. ನೀರಿನ ತಾಪ ನಿಂತ ಮೇಲೆ ಪಂಪ್ ರೂಮಿನ ಗೋಡೆಯ ಮೇಲೆ ಇಸವಿಯ ಮುಂದೆ ಆ ಅಂಕಿ ಬರೆಯಿರಿ. ಆ ಹೊತ್ತಿನಲ್ಲಿ ನೀರಿಗೂ ಸುತ್ತಲ ಬಂಡೆಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ.

24 ಬೋರ್‌ನ ಹೊಲಕ್ಕೆ ನಮ್ಮ ಲೆಕ್ಕದಂತೆ ಮೊದಲ ಒಂದೆರಡು ವರ್ಷ ಅರ್ಧ ಡಿಗ್ರಿಯಷ್ಟು ಏರಬೇಕು, ಆಮೇಲೆ ಏರಿಕೆ ಕಡಿಮೆಯಾಗುತ್ತ ಹೋಗಬೇಕು. ಟವರ್ ಇರುವ ಹೊಲದಲ್ಲಿ ಅದಕ್ಕಿಂತಲೂ ಕಡಿಮೆ. ವರ್ಷಕ್ಕೆ ಒಂದು ಡಿಗ್ರಿ ಏರುತ್ತಿದ್ದರೆ ಶಾಲೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಶಾಖ ಇಳಿಸುತ್ತಿದೆ ಎಂದರ್ಥ. ಹೊಸ ಕಂಪ್ಯೂಟರ್ ಲ್ಯಾಬ್ ಸೇರಿರಬಹುದು, ರಜೆಯಲ್ಲೂ ತರಬೇತಿ ನಡೆದು ಎಸಿ ಓಡಿರಬಹುದು. ಆ ವರ್ಷ ನವೆಂಬರ್‌ನಿಂದ ಟವರ್ ಫ್ಯಾನನ್ನು ರಾತ್ರಿ ಎರಡು ಗಂಟೆ ಹೆಚ್ಚು ಓಡಿಸಿ, ಮುಂದಿನ ಜೂನ್‌ನಲ್ಲಿ ಗೋಡೆಯ ಮೇಲಿನ ಅಂಕಿಗೆ ಹೋಲಿಸಿ ನೋಡಿ.